ಹೆರಿಗೆ ರಜೆಯ ವೇತನ: ಲೆಕ್ಕದಲ್ಲಿ ಅಡಗಿದ ನಷ್ಟ

ಹೆರಿಗೆ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿದ್ದು 2017ರ ಏಪ್ರಿಲ್ 1ರಿಂದ. ಆ ಸಂಖ್ಯೆ ಈಗ ದುಡಿಯುವ ಮಹಿಳೆಯರಿಗೆಲ್ಲ ಬಾಯಿಪಾಠವಾಗಿದೆ. ಆದರೆ ಆ 26 ವಾರಗಳಿಗೆ ಕೈಗೆ ಬರುವ ಹಣವೆಷ್ಟು ಎಂಬುದನ್ನು ನಿರ್ಧರಿಸುವುದು ಒಂದು ಸರಳ ಭಾಗಾಕಾರ. ಆ ಭಾಗಾಕಾರವನ್ನು ತಪ್ಪಾಗಿ ಮಾಡಿದರೆ ಅರ್ಧ ಲಕ್ಷ ರೂಪಾಯಿಯೇ ಕೈಬಿಟ್ಟುಹೋಗಬಹುದು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಸ್ಥಾನವನ್ನು ವಹಿಸಿಕೊಂಡ ಮೇಲಂತೂ ಈ ಲೆಕ್ಕವನ್ನು ಹೊಸದಾಗಿ ನೋಡಬೇಕಾದ ಅಗತ್ಯ ಉಂಟಾಗಿದೆ.

ಸೂತ್ರ ಹಳೆಯ ಕಾಯ್ದೆಯಲ್ಲಿದ್ದಂತೆಯೇ ಹೊಸ ಸಂಹಿತೆಯಲ್ಲೂ ಉಳಿದಿದೆ. ಮಹಿಳೆ ಹೆರಿಗೆಯ ಕಾರಣದಿಂದ ಗೈರುಹಾಜರಾಗುವ ದಿನಕ್ಕೆ ಹಿಂದಿನ ಮೂರು ಕ್ಯಾಲೆಂಡರ್ ತಿಂಗಳುಗಳಲ್ಲಿ, ಆಕೆ ಕೆಲಸ ಮಾಡಿದ ದಿನಗಳಿಗೆ ಸಲ್ಲಬೇಕಾದ ವೇತನದ ಸರಾಸರಿಯೇ 'ಸರಾಸರಿ ದಿನವೇತನ'. ಅದು ಕನಿಷ್ಠ ವೇತನಕ್ಕಿಂತ ಕಡಿಮೆ ಇರಕೂಡದು. (ಹಳೆಯ ಕಾಯ್ದೆ ಇದರ ಜೊತೆಗೆ ಹತ್ತು ರೂಪಾಯಿಯ ಕನಿಷ್ಠ ಮಿತಿಯೊಂದನ್ನೂ ಇರಿಸಿಕೊಂಡಿತ್ತು!) ಈ ದಿನವೇತನವನ್ನು ರಜೆಯ ದಿನಗಳಿಂದ ಗುಣಿಸಿದರೆ ಬರುವ ಮೊತ್ತವೇ ಹೆರಿಗೆ ವೇತನ. ನಿರೀಕ್ಷಿತ ಹೆರಿಗೆಯ ದಿನಾಂಕಕ್ಕೆ ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕೆಂಬುದು ಅರ್ಹತೆಯ ಷರತ್ತು.

ಎಡವುವುದು 'ಕೆಲಸ ಮಾಡಿದ ದಿನಗಳು' ಎಂಬ ಮಾತಿನಲ್ಲಿ. ಉದಾಹರಣೆಗೆ, ದಿನಕ್ಕೆ 900 ರೂಪಾಯಿ ಪಡೆಯುವ ನುರಿತ ಕೆಲಸಗಾರ್ತಿಯೊಬ್ಬಳನ್ನು ತೆಗೆದುಕೊಳ್ಳೋಣ. ವಾರಕ್ಕೆ ಆರು ದಿನ ಕೆಲಸ, ಭಾನುವಾರಕ್ಕೆ ಸಂಬಳವಿಲ್ಲ. ಫೆಬ್ರವರಿ 1ರಿಂದ ಆಕೆಯ ಹೆರಿಗೆ ರಜೆ. ಆದ್ದರಿಂದ ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ಈ ಮೂರು ತಿಂಗಳಲ್ಲಿ ಕೆಲಸದ ದಿನಗಳು 78 ಎಂದಿಟ್ಟುಕೊಳ್ಳೋಣ. ಆದರೆ ವೈದ್ಯರು ವಿಶ್ರಾಂತಿ ಹೇಳಿದ್ದರಿಂದ ಆಕೆ 26 ದಿನ ಸಂಬಳವಿಲ್ಲದ ರಜೆ ಹಾಕಿದಳು. ಕೆಲಸ ಮಾಡಿದ್ದು 52 ದಿನ, ಪಡೆದ ವೇತನ 46,800 ರೂಪಾಯಿ.

ಸರಿಯಾದ ಲೆಕ್ಕದಲ್ಲಿ 46,800ನ್ನು 52ರಿಂದ ಭಾಗಿಸಬೇಕು. ಸರಾಸರಿ 900 ರೂಪಾಯಿಯೇ ಬರುತ್ತದೆ. ಆದರೆ ಸಂಬಳ ವಿಭಾಗದವರು ಅಭ್ಯಾಸಬಲದಿಂದ 78ರಿಂದ ಭಾಗಿಸಿದರೆ ಸರಾಸರಿ 600ಕ್ಕೆ ಇಳಿಯುತ್ತದೆ. 26 ವಾರಗಳೆಂದರೆ 182 ದಿನ. ಮೊದಲನೆಯ ಲೆಕ್ಕದಲ್ಲಿ 1,63,800 ರೂಪಾಯಿ, ಎರಡನೆಯದರಲ್ಲಿ 1,09,200 ರೂಪಾಯಿ. ಗರ್ಭಿಣಿ ಹಾಸಿಗೆ ಹಿಡಿದ 26 ದಿನಗಳ ಸಂಬಳ ಆಗಲೇ ಹೋಗಿತ್ತು. ಈ ತಪ್ಪು ಲೆಕ್ಕದಿಂದ ಮತ್ತೆ 54,600 ರೂಪಾಯಿ ಹೋಗುತ್ತದೆ. ಕಾನೂನು ಭಾಜಕವನ್ನು 'ಕೆಲಸ ಮಾಡಿದ ದಿನ'ಗಳಿಗೆ ಸೀಮಿತಗೊಳಿಸಿರುವುದರಿಂದ, ಗೈರುಹಾಜರಿಯ ದಿನಗಳು ಅಂಶದಿಂದ ಹೊರಬಿದ್ದಂತೆ ಛೇದದಿಂದಲೂ ಹೊರಬೀಳಲೇಬೇಕು.

ಗುಣಾಕಾರದ ಕಡೆಯಲ್ಲಿ ಇನ್ನೊಂದು ವಿವಾದವಿತ್ತು. ಅದು ಇತ್ಯರ್ಥವಾಗಿ ಬಹುಕಾಲವಾದರೂ ಇಂದಿಗೂ ತಲೆಯೆತ್ತುವುದುಂಟು. ಕೊಯಮತ್ತೂರು ಭಾಗದ ತೋಟವೊಂದರ ಕಾರ್ಮಿಕ ಮಹಿಳೆಗೆ ಅಂದಿನ 12 ವಾರಗಳ ರಜೆಗೆ ಭಾನುವಾರಗಳನ್ನು ಕಳೆದು 72 ದಿನಗಳ ವೇತನವನ್ನಷ್ಟೇ ನೀಡಲಾಗಿತ್ತು. ಆಕೆ ಕೇಳಿದ್ದು 84 ದಿನಗಳದ್ದು. ಬಿ. ಷಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1977ರಲ್ಲಿ ನ್ಯಾಯಾಲಯವು ವಾರವೆಂದರೆ ಭಾನುವಾರವೂ ಸೇರಿದ ಏಳು ದಿನಗಳೆಂದು ಸ್ಪಷ್ಟಪಡಿಸಿ ಆ ಮಹಿಳೆಯ ವಾದವನ್ನು ಎತ್ತಿಹಿಡಿಯಿತು. ಹಾಗಾಗಿ ನಮ್ಮ ಉದಾಹರಣೆಯ ಮಹಿಳೆಗೆ 156 ದಿನಗಳ ವೇತನ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. 26 ಭಾನುವಾರಗಳ 23,400 ರೂಪಾಯಿಯೂ ಆಕೆಗೆ ಸೇರಿದ್ದು. ದಿನಗೂಲಿಯವರಿಗೆ ಈ ಹಕ್ಕೇ ಇಲ್ಲವೆಂಬ ವಾದವೂ ನಿಲ್ಲುವುದಿಲ್ಲ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರ ಪ್ರಕರಣದಲ್ಲಿ 2000ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿದೆ.

ಇಲ್ಲಿಯವರೆಗಿನದು ಹಳೆಯ ಕಥೆ. ಹೊಸ ಸಂಹಿತೆಯಲ್ಲಿ ಸೂತ್ರ ಬದಲಾಗದಿದ್ದರೂ ಅದರೊಳಗಿನ 'ವೇತನ' ಎಂಬ ಪದದ ಅರ್ಥ ಬದಲಾಗಿದೆ. ನಗರಗಳಲ್ಲಿ ಮಾಸಿಕ ಸಂಬಳಕ್ಕೆ ದುಡಿಯುವ ನಮ್ಮ ಸಹೋದರಿಯರು ಗಮನಿಸಬೇಕಾದದ್ದು ಮುಖ್ಯವಾಗಿ ಇದನ್ನೇ. 1961ರ ಕಾಯ್ದೆಯಲ್ಲಿ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆಗಳೂ ಸೇರಿದಂತೆ ನಗದು ಭತ್ಯೆಗಳೆಲ್ಲ ವೇತನದ ಭಾಗವಾಗಿದ್ದವು. ಸಂಹಿತೆಯ ವ್ಯಾಖ್ಯೆಯಾದರೋ ಮನೆ ಬಾಡಿಗೆ ಭತ್ಯೆಯನ್ನೂ ಪ್ರಯಾಣ ಭತ್ಯೆಯನ್ನೂ ಹೊರಗಿಡುತ್ತದೆ. ಹೀಗೆ ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗವನ್ನು ಮರಳಿ ವೇತನಕ್ಕೆ ಸೇರಿಸಬೇಕೆಂಬ ರಕ್ಷಣೆಯೊಂದಿದೆ.

ತಿಂಗಳಿಗೆ 36,000 ರೂಪಾಯಿ ಪಡೆಯುವ ಒಬ್ಬ ಉದ್ಯೋಗಿಯನ್ನು ಊಹಿಸಿಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 24,000, ಮನೆ ಬಾಡಿಗೆ 9,600, ಪ್ರಯಾಣ ಭತ್ಯೆ 2,400. ಹಳೆಯ ಕಾಯ್ದೆಯಂತೆ ಆಕೆಯ ಹೆರಿಗೆ ವೇತನಕ್ಕೆ ಇಡೀ 36,000 ಆಧಾರವಾಗುತ್ತಿತ್ತು. ಹೊಸ ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ ಆಧಾರ 24,000 ಮಾತ್ರ. ಹೊರಗುಳಿದ 12,000 ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇರುವುದರಿಂದ ಮೇಲೆ ಹೇಳಿದ ರಕ್ಷಣೆ ಇಲ್ಲಿ ನೆರವಿಗೆ ಬಾರದು. ಸುಮಾರು ಆರು ತಿಂಗಳಿಗೆ 72,000 ರೂಪಾಯಿಗಳ ಅಂತರ. ಭವಿಷ್ಯನಿಧಿ, ಗ್ರಾಚ್ಯುಟಿಗಳ ದೃಷ್ಟಿಯಿಂದ ಈ ವ್ಯಾಖ್ಯೆಯನ್ನು ಕಾರ್ಮಿಕಪರವೆಂದು ಕೊಂಡಾಡಿದವರು ಬಹಳ. ಮೂಲ ವೇತನವನ್ನು ಕೃತಕವಾಗಿ ಕಡಿಮೆ ತೋರಿಸುವ ಚಾಳಿಗೆ ಅದು ಕಡಿವಾಣವೂ ಹೌದು. ಆದರೆ ಹೆರಿಗೆ ವೇತನದ ಮಟ್ಟಿಗೆ ಅದು ತಿರುಗುಬಾಣವಾಗಿರುವುದು ಚರ್ಚೆಗೆ ಬಂದದ್ದು ಕಡಿಮೆ. ಬಾಣಂತಿಯಾದಳೆಂದು ಮುಂಬಯಿಯಲ್ಲಿ ಮನೆ ಬಾಡಿಗೆ ನಿಲ್ಲುವುದಿಲ್ಲವಷ್ಟೆ!

ಕಾನೂನು ವಿಧಿಸುವುದು ಕನಿಷ್ಠವನ್ನು ಮಾತ್ರ. ನೇಮಕಾತಿ ಪತ್ರದಲ್ಲೋ ಸಂಸ್ಥೆಯ ರಜಾ ನಿಯಮಗಳಲ್ಲೋ 'ಪೂರ್ಣ ಸಂಬಳದ ರಜೆ' ಎಂದಿದ್ದರೆ ಅದನ್ನು ಕೇಳಿ ಪಡೆಯಬಹುದು. ರಜೆಗೆ ಅರ್ಜಿ ಹಾಕುವ ಮುನ್ನವೇ ಆ ಪತ್ರವನ್ನು ಓದಿಕೊಳ್ಳುವುದು ಒಳ್ಳೆಯದು.

ಇಎಸ್‌ಐ ವ್ಯಾಪ್ತಿಯಲ್ಲಿರುವವರ ದಾರಿ ಬೇರೆ. ಅವರಿಗೆ ಹಣ ಬರುವುದು ಮಾಲೀಕರಿಂದಲ್ಲ, ನಿಗಮದಿಂದ. ಅಲ್ಲಿ ಸರಾಸರಿ ತೆಗೆಯುವುದು ಮೂರು ತಿಂಗಳ ಮೇಲಲ್ಲ, ಆರು ತಿಂಗಳ ವಂತಿಗೆ ಅವಧಿಯ ಮೇಲೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವೇತನ ಮುಂದಿನ ಜನವರಿಯಿಂದ ಜೂನ್‌ವರೆಗಿನ ಸೌಲಭ್ಯಕ್ಕೆ ಆಧಾರ. ಆದ್ದರಿಂದ ಅಕ್ಟೋಬರ್‌ನಲ್ಲಿ ಸಂಬಳ ಏರಿದ್ದರೂ ಫೆಬ್ರವರಿಯಲ್ಲಿ ಹೆರಿಗೆ ರಜೆ ಪಡೆದವಳಿಗೆ ಆ ಏರಿಕೆಯ ಫಲ ದೊರೆಯದು.

ಉಳಿದವರಿಗೆ ಹಣ ಕೊಡಬೇಕಾದವರು ನೇರವಾಗಿ ಮಾಲೀಕರೇ. ಭಾಗಾಕಾರದ ತಪ್ಪುಗಳು ಬಹುತೇಕ ಒಂದೇ ದಿಕ್ಕಿಗೆ ವಾಲುವುದಕ್ಕೆ ಇದೂ ಕಾರಣವಿರಬಹುದು. ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ, ಅದರಲ್ಲಿ ಮೂರು ಅಂಕಿಗಳನ್ನು ನೋಡಬೇಕು: ಯಾವ ಬಾಬುಗಳನ್ನು ವೇತನವೆಂದು ಹಿಡಿದಿದ್ದಾರೆ, ಎಷ್ಟು ದಿನಗಳಿಂದ ಭಾಗಿಸಿದ್ದಾರೆ, ಎಷ್ಟು ದಿನಗಳಿಂದ ಗುಣಿಸಿದ್ದಾರೆ. ಹಾಜರಿ ದಾಖಲೆಯನ್ನೂ ಮೂರು ತಿಂಗಳ ಸಂಬಳ ಚೀಟಿಗಳನ್ನೂ ರಜೆಗೆ ಮೊದಲೇ ತೆಗೆದಿಟ್ಟುಕೊಂಡಿದ್ದರೆ ಹೋಲಿಸಲು ಹತ್ತು ನಿಮಿಷ ಸಾಕು. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭಧಾರಣೆಯ ಪ್ರಮಾಣಪತ್ರ ಒದಗಿಸಿದ ಮೇಲೆ ಮುಂಗಡವಾಗಿಯೂ, ಉಳಿದದ್ದನ್ನು ಮಗು ಜನಿಸಿದ ಪುರಾವೆ ಸಲ್ಲಿಸಿದ 48 ಗಂಟೆಗಳೊಳಗೂ ಕೊಡಬೇಕು. ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ, ಹೊಸ ಸಂಹಿತೆಯಲ್ಲಿ 'ಇನ್‌ಸ್ಪೆಕ್ಟರ್ ಹಾಗೂ ಫೆಸಿಲಿಟೇಟರ್' ಎಂಬ ಹೆಸರು ಪಡೆದಿರುವ ಕಾರ್ಮಿಕ ಅಧಿಕಾರಿಗೆ ದೂರು ಸಲ್ಲಿಸಬಹುದು.