ಅರ್ಜಿಯ ಮೊದಲ ನಾಲ್ಕು ಸಾಲು

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಸ್ಟೋರ್ಸ್ ಸಹಾಯಕರು ಬೇಕಾಗಿದ್ದಾರೆಂಬ ಜಾಹೀರಾತನ್ನು ಕತ್ತರಿಸಿಕೊಂಡು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹನ್ನೆರಡನೆಯ ತರಗತಿಯವರೆಗೆ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ತಮಿಳುನಾಡಿನ ಕಾಲೇಜಿನಲ್ಲೇ ಬಿ.ಕಾಂ. ಮಾಡಿದವಳು. ಡೆಂಕಣಿಕೋಟೆಯ ಒಂದು ರಸಗೊಬ್ಬರದ ಅಂಗಡಿಯಲ್ಲಿ ಒಂದೂವರೆ ವರ್ಷದಿಂದ ಲೆಕ್ಕ ಬರೆಯುತ್ತಿದ್ದಾಳೆ. "ಸಾರ್, ಬಯೊಡೇಟಾ ಸರಿ ಇದೆ. ಅದರ ಮೇಲಿಡುವ ಪತ್ರ ಮಾತ್ರ ಹೇಗೆ ಶುರು ಮಾಡಬೇಕೋ ಗೊತ್ತಾಗುತ್ತಿಲ್ಲ" ಎಂದಳು. ಕೈಯಲ್ಲಿ ಎರಡು ಕರಡುಗಳಿದ್ದವು. ಎರಡೂ ಇಂಗ್ಲಿಷಿನಲ್ಲಿದ್ದವು. ಅವುಗಳ ತಾತ್ಪರ್ಯವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ಮೊದಲನೆಯದು ಅವಳೇ ಬರೆದದ್ದು. "ಮಾನ್ಯರೇ, ನಾನು ಬಡ ರೈತ ಕುಟುಂಬದಿಂದ ಬಂದವಳು. ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ಇಂಗ್ಲಿಷ್ ಅರ್ಥವಾಗುತ್ತದೆ. ಮನೆಯ ಜವಾಬ್ದಾರಿ ನನ್ನ ಮೇಲಿದೆ. ತಾವು ದಯಮಾಡಿ ಒಂದು ಅವಕಾಶ ಕೊಟ್ಟರೆ ಜೀವನಪೂರ್ತಿ ಋಣಿಯಾಗಿರುತ್ತೇನೆ."

ಎರಡನೆಯದು ಬೆಂಗಳೂರಿನಲ್ಲಿರುವ ಅವಳ ಚಿಕ್ಕಪ್ಪನ ಮಗ ಎಲ್ಲಿಂದಲೋ ಇಳಿಸಿ ಕಳುಹಿಸಿದ್ದು. "ನಾನು ಕ್ರಿಯಾಶೀಲಳೂ ಕಠಿಣ ಪರಿಶ್ರಮಿಯೂ ಆದ ವೃತ್ತಿಪರಳು. ನಾಯಕತ್ವದ ಗುಣ, ಅತ್ಯುತ್ತಮ ಸಂವಹನ ಕೌಶಲ ನನ್ನಲ್ಲಿವೆ. ತಮ್ಮ ಪ್ರತಿಷ್ಠಿತ ಸಂಸ್ಥೆಯನ್ನು ಹೊಸ ಎತ್ತರಕ್ಕೆ ಕೊಂಡೊಯ್ಯಬಲ್ಲೆನೆಂಬ ಪೂರ್ಣ ವಿಶ್ವಾಸ ನನಗಿದೆ."

ಒಂದರಲ್ಲಿ ಹುಡುಗಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾಳೆ, ಇನ್ನೊಂದರಲ್ಲಿ ಯಜಮಾನರ ಕುರ್ಚಿಯಲ್ಲೇ ಕುಳಿತಿದ್ದಾಳೆ. ನೋಡಲು ಬೇರೆ ಬೇರೆಯಾದರೂ ಎರಡರ ತಪ್ಪೂ ಒಂದೇ. ಅರ್ಜಿ ಓದುವವನ ಮುಂದೆ ಒಂದು ಕೆಲಸ ಬಾಕಿ ಬಿದ್ದಿದೆ. ಸರಕು ಬರುತ್ತಿದೆ, ಹೋಗುತ್ತಿದೆ, ಅದರ ಲೆಕ್ಕ ಇಡಲು ಜನ ಬೇಕು. ಈ ಎರಡು ಕರಡುಗಳಲ್ಲಿ ಆ ಕೆಲಸದ ಮಾತೇ ಇಲ್ಲ. ಮೊದಲನೆಯದರಲ್ಲಿ ಅವಳ ಕಷ್ಟವಿದೆ, ಎರಡನೆಯದರಲ್ಲಿ ಅವಳ ಹೊಗಳಿಕೆಯಿದೆ. ಯಾವ ಹುದ್ದೆಗೆ ಅರ್ಜಿ ಎಂಬುದು ಕೂಡ ಎರಡರಲ್ಲೂ ಇಲ್ಲ. ಒಂದೇ ವಾರದಲ್ಲಿ ಮೂರು ಹುದ್ದೆಗೆ ಕರೆದಿರುವ ಕಚೇರಿಯಲ್ಲಿ ಇಂಥ ಪತ್ರವನ್ನು ಯಾವ ಕಡತಕ್ಕೆ ಸೇರಿಸಬೇಕೆಂದೇ ಗುಮಾಸ್ತನಿಗೆ ತಿಳಿಯದು.

ಮೊದಲ ಕರಡಿನ ದೈನ್ಯಕ್ಕೆ ನಾನು ಅವಳನ್ನು ಬೈಯಲಿಲ್ಲ. ಕಲಿಸಿದವರು ನಾವೇ. ಶಾಲೆಯಲ್ಲಿ ಮಗು ಕಲಿಯುವ ಮೊದಲ ಪತ್ರ ರಜೆ ಚೀಟಿ. "ತಮ್ಮಲ್ಲಿ ಸವಿನಯ ಪ್ರಾರ್ಥನೆ" ಎಂದು ಶುರುವಾಗಿ "ತಮ್ಮ ವಿಧೇಯ ವಿದ್ಯಾರ್ಥಿ" ಎಂದು ಮುಗಿಯುತ್ತದೆ. ತಮಿಳಿನಲ್ಲೂ ಅಷ್ಟೇ, "ತಾಳ್ಮೆಯುಡನ್ ಕೇಟ್ಟುಕ್ಕೊಳ್ಗಿರೇನ್" ಎನ್ನುತ್ತದೆ. ನಮಗೆ ತಾಳ್ಮೆ ಎಂದರೆ ಸಹನೆ, ಅವರಿಗೆ ವಿನಯ. ಎರಡು ಭಾಷೆಯಲ್ಲೂ ಓದಿದ ನಾನು ಎರಡು ಕಡೆಯೂ ಇದನ್ನೇ ಬರೆದು ಬೆಳೆದೆ. ರಜೆ ಚೀಟಿಯಲ್ಲಿ ಅದು ತಪ್ಪಲ್ಲ, ಅಲ್ಲಿ ನಾವು ಕೇಳುವುದು ಅನುಮತಿಯನ್ನು. ಕೆಲಸದ ಅರ್ಜಿಯಲ್ಲಿ ಕೇಳುವುದು ಅನುಮತಿಯಲ್ಲ. ಅವರಿಗೆ ಬೇಕಾದದ್ದು ನಮ್ಮಲ್ಲಿದೆ ಎಂದು ತಿಳಿಸುತ್ತೇವೆ, ಅಷ್ಟೇ. ಇಪ್ಪತ್ತೆರಡು ವರ್ಷವಾದರೂ ನಮ್ಮ ಮಕ್ಕಳ ಕೈ ರಜೆ ಚೀಟಿಯ ಜಾಡಿನಲ್ಲೇ ಓಡುತ್ತದೆ.

ಅದಿರಲಿ, ಆ ದಿನ ನಾವು ಮಾಡಿದ್ದನ್ನು ಹೇಳುತ್ತೇನೆ. ಎರಡೂ ಕರಡುಗಳನ್ನು ಪಕ್ಕಕ್ಕಿಟ್ಟು ಜಾಹೀರಾತನ್ನು ಮುಂದಿಟ್ಟುಕೊಂಡೆವು. ಅದರಲ್ಲಿ ಕೇಳಿದ್ದು ನಾಲ್ಕೇ ಸಂಗತಿ: ಪದವಿ, ಟ್ಯಾಲಿ ಬಳಕೆ, ದಾಸ್ತಾನು ಪುಸ್ತಕ ಇಟ್ಟ ಅನುಭವ, ತಮಿಳಿನ ಜೊತೆಗೆ ಕನ್ನಡ ತಿಳಿದಿದ್ದರೆ ಒಳ್ಳೆಯದು. ಒಂದೊಂದರ ಎದುರಿಗೆ ಅವಳು ನಿಜವಾಗಿ ಮಾಡಿದ್ದನ್ನು ಬರೆ ಎಂದೆ.

"ಅಂಗಡಿಯಲ್ಲಿ ಎಷ್ಟು ಬಗೆಯ ಸರಕಿನ ಲೆಕ್ಕ ಇಡುತ್ತೀಯಮ್ಮ?"

"ಮುನ್ನೂರಕ್ಕೂ ಮೇಲೆ ಇರಬಹುದು ಸಾರ್."

"ಇರಬಹುದು ಬೇಡ. ನೋಡಿ ಹೇಳು."

ಮರುದಿನ ಟ್ಯಾಲಿಯ ಪಟ್ಟಿ ನೋಡಿ ಬಂದಳು. ಗೊಬ್ಬರ, ಬೀಜ, ಔಷಧಿ ಎಲ್ಲಾ ಸೇರಿ 212. ನಾವು "ಸುಮಾರು 200" ಎಂದು ಬರೆದೆವು. ಜಂಬ ಅನ್ನುವುದು ಯಾವಾಗಲೂ ದೊಡ್ಡ ವಿಶೇಷಣದ ರೂಪದಲ್ಲೇ ಬರುವುದಿಲ್ಲ, ಹೀಗೆ ಎಣಿಸದ ಸಂಖ್ಯೆಯ ರೂಪದಲ್ಲೂ ಬರುತ್ತದೆ. ಸಂದರ್ಶನದಲ್ಲಿ "ಮುನ್ನೂರು ಯಾವುವು?" ಎಂದು ಕೇಳಿದರೆ ನಾಲಿಗೆ ತೊದಲುತ್ತದೆ.

ಕ್ರಿಯಾಪದದಲ್ಲೂ ಇದೇ ಎಚ್ಚರ ಬೇಕು. ಅವಳು "ಜಿಎಸ್‌ಟಿ ಲೆಕ್ಕ ನಿರ್ವಹಿಸಿದ್ದೇನೆ" ಎಂದು ಬರೆಯಹೊರಟಳು. ಕೇಳಿದರೆ, ತಿಂಗಳ ಬಿಲ್ಲುಗಳ ಪಟ್ಟಿ ಮಾಡಿ ಆಡಿಟರಿಗೆ ಕೊಡುವುದು ಅವಳ ಕೆಲಸ, ರಿಟರ್ನ್ ಸಲ್ಲಿಸುವವರು ಅವರು. ಹಾಗಿದ್ದರೆ "ಪಟ್ಟಿ ಸಿದ್ಧಪಡಿಸುತ್ತೇನೆ" ಎಂದೇ ಇರಲಿ, ಅದೂ ಬಯೊಡೇಟಾದಲ್ಲಿ ಇರಲಿ ಎಂದೆ. ಈ ಹುದ್ದೆ ಕೇಳಿದ್ದು ದಾಸ್ತಾನಿನ ಅನುಭವ, ಆದ್ದರಿಂದ ಮೊದಲ ಪ್ಯಾರಾದಲ್ಲಿ ಅದಕ್ಕೇ ಜಾಗ. ಆ ಕೆಲಸವನ್ನಂತೂ ಅವಳೊಬ್ಬಳೇ ಮಾಡುತ್ತಾಳೆ, ಹಾಗಾಗಿ "ನಾನೇ" ಎಂದು ಸಂಕೋಚವಿಲ್ಲದೆ ಬರೆಯಬಹುದು. ಮಾಡಿದ್ದನ್ನು ಮಾಡಿದೆ ಎನ್ನುವುದು ಜಂಬವಲ್ಲ.

ಕೊನೆಗೆ ಕುಳಿತದ್ದು ಕನ್ನಡ ಮಾಧ್ಯಮದ ಸಾಲಿನ ಮುಂದೆ. "ಕನ್ನಡ ಮಾಧ್ಯಮದಲ್ಲಿ ಓದಿದ್ದರೂ" ಎಂದು ಅವಳು ಬರೆದಿದ್ದಳಲ್ಲ, ಆ "ದ್ದರೂ" ನನ್ನನ್ನು ಚುಚ್ಚಿತ್ತು. ಅದೊಂದು ಪ್ರತ್ಯಯ ಸೇರಿದರೆ ಓದಿದ್ದೇ ಅಪರಾಧವಾಗಿ, ಮುಂದಿನ ಮಾತೆಲ್ಲ ಕ್ಷಮಾಪಣೆಯಾಗುತ್ತದೆ. ಹಾಗೆಂದು "ಹೆಮ್ಮೆಯ ಕನ್ನಡತಿ" ಎಂದು ಬರೆದರೂ ಕಾರ್ಖಾನೆಯ ಸ್ಟೋರ್ಸಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಜಾಹೀರಾತೇ ಎರಡೂ ಭಾಷೆ ಕೇಳಿದೆ. ಹೊಸೂರಿನ ಗೇಟಿಗೆ ಅತ್ತಿಬೆಲೆ ಕಡೆಯ ಲಾರಿಯೂ ಬರುತ್ತದೆ, ಕೃಷ್ಣಗಿರಿ ಕಡೆಯದೂ ಬರುತ್ತದೆ. ಚಾಲಕರ ಚೀಟಿ ಓದುವವರು, ಕೂಲಿಯಾಳುಗಳಿಗೆ ಎರಡು ಭಾಷೆಯಲ್ಲೂ ಹೇಳುವವರು ಅಲ್ಲಿ ಬೇಕು. ಅವಳ ಓದು ಅಲ್ಲಿ ಕೊರತೆಯೂ ಅಲ್ಲ, ಅಲಂಕಾರವೂ ಅಲ್ಲ, ಒಂದು ಅರ್ಹತೆ. ಅರ್ಹತೆಯನ್ನು ಹೇಳುವಂತೆಯೇ ಅದನ್ನು ಹೇಳಬೇಕು. "ದ್ದರೂ" ಹೊಡೆದುಹಾಕಿದೆವು.

ಹೀಗೆ ನಿಂತ ಪ್ಯಾರಾ ಇದು:

"ಮಾನ್ಯರೇ, ಕಳೆದ ಭಾನುವಾರದ ಪತ್ರಿಕೆಯಲ್ಲಿ ತಾವು ಪ್ರಕಟಿಸಿರುವ ಸ್ಟೋರ್ಸ್ ಸಹಾಯಕ ಹುದ್ದೆಗೆ ಈ ಅರ್ಜಿ. ನಾನು ಬಿ.ಕಾಂ. ಪದವೀಧರೆ, 18 ತಿಂಗಳಿಂದ ಡೆಂಕಣಿಕೋಟೆಯ ರಸಗೊಬ್ಬರದ ಅಂಗಡಿಯೊಂದರಲ್ಲಿ ಸುಮಾರು 200 ಬಗೆಯ ಸರಕಿನ ದಾಸ್ತಾನನ್ನು ಟ್ಯಾಲಿಯಲ್ಲಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ತಿಂಗಳ ಕೊನೆಗೆ ಗೋದಾಮಿನಲ್ಲಿ ಎಣಿಸಿ ಪುಸ್ತಕದೊಂದಿಗೆ ತಾಳೆ ನೋಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಶಾಲೆ, ತಮಿಳುನಾಡಿನಲ್ಲೇ ಕಾಲೇಜು ಮುಗಿಸಿರುವುದರಿಂದ ಎರಡೂ ಭಾಷೆಗಳನ್ನು ಓದಿ ಬರೆಯಬಲ್ಲೆ."

ನಾಲ್ಕೇ ವಾಕ್ಯ. ಯಾವ ಹುದ್ದೆ, ಕೇಳಿದ ಅರ್ಹತೆಗೆ ಏನಿದೆ, ಅದನ್ನು ಹೇಗೆ ಮಾಡುತ್ತಾಳೆ, ಭಾಷೆ ಯಾವುದು, ಇಷ್ಟೇ. ದಯೆ, ಕೃಪೆ, ಋಣ ಎಂಬ ಮಾತಿಲ್ಲ. ತನ್ನನ್ನು ತಾನೇ ಅಳೆದುಕೊಂಡ ಒಂದು ವಿಶೇಷಣವೂ ಇಲ್ಲ. "ಪರಿಶ್ರಮಿ" ಎಂದು ಅವಳು ಹೇಳಿಕೊಂಡಿಲ್ಲ, ತಿಂಗಳು ತಿಂಗಳು ಗೋದಾಮಿಗೆ ಇಳಿದು ಚೀಲ ಎಣಿಸುವವಳನ್ನು ಓದುವವನೇ ಹಾಗೆಂದುಕೊಳ್ಳಲಿ. "ಮಾನ್ಯರೇ", "ತಾವು" ಎರಡನ್ನೂ ಉಳಿಸಿದೆವು. ಗೌರವಕ್ಕೂ ದೈನ್ಯಕ್ಕೂ ವ್ಯತ್ಯಾಸವಿದೆ. ಇಂಗ್ಲಿಷಿಗೆ ತಿರುಗಿಸುವಾಗ ಮಾತ್ರ "ಯುವರ್ ಕೈಂಡ್ ಸೆಲ್ಫ್" ಮುಂತಾದ ಹಳೆಯ ಕಚೇರಿ ಪದಗಳನ್ನು ಒಳಗೆ ಬಿಡಬೇಡ ಎಂದೆ.

ಬರೆದಾದ ಮೇಲೆ ಒಂದು ಪರೀಕ್ಷೆಯಿದೆ. ಒಂದೊಂದು ವಾಕ್ಯಕ್ಕೂ ಎರಡು ಪ್ರಶ್ನೆ ಹಾಕಬೇಕು. ಇದನ್ನು ಯಾರಾದರೂ ವಿಚಾರಿಸಿ ನಿಜವೆಂದು ತಿಳಿಯಬಹುದೇ? ಇದೇ ವಾಕ್ಯವನ್ನು ಬೇರೊಬ್ಬ ಅಭ್ಯರ್ಥಿ ಹೆಸರು ಬದಲಿಸಿ ಕಳುಹಿಸಬಹುದೇ? "ಸಂವಹನ ಕೌಶಲವಿದೆ" ಎಂಬುದು ಎರಡರಲ್ಲೂ ಸೋಲುತ್ತದೆ. "ಬಡ ಕುಟುಂಬ" ಎಂಬುದು ನಿಜವೇ ಆಗಿರಬಹುದು, ಆದರೆ ಅರ್ಜಿ ಹಾಕಿದ ಹಲವರು ಅದನ್ನೇ ಬರೆಯಬಲ್ಲರು, ಓದುವವನಿಗೆ ಆರಿಸಲು ಅದು ನೆರವಾಗುವುದಿಲ್ಲ. ಮನೆಯ ಕಷ್ಟ ನಾಚಿಕೆಯ ಸಂಗತಿಯಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ಏಕೆಂದರೆ ಅಲ್ಲಿ ಕೇಳುವುದೇ ಅದನ್ನು. ಇಲ್ಲಿ ಕೇಳಿಲ್ಲ.

ಅನುಭವವೇ ಇಲ್ಲದ ಮಕ್ಕಳು ಏನು ಬರೆಯಬೇಕು ಎಂದು ಕೇಳುತ್ತಾರೆ. ಅವರೂ ಇದೇ ದಾರಿ ಹಿಡಿಯಬೇಕು. ಅಪ್ಪನ ಹೂವಿನ ತೋಟದ ಲೆಕ್ಕ ಬರೆದಿದ್ದರೆ, ಕಾಲೇಜಿನ ಸಹಕಾರ ಭಂಡಾರದಲ್ಲಿ ಕುಳಿತಿದ್ದರೆ, ಎಷ್ಟು ತಿಂಗಳು, ಏನು ಮಾಡಿದೆ ಎಂದು ಬರೆಯಲಿ. ಅಂಥದ್ದೂ ಇಲ್ಲದಿದ್ದರೆ "ಈ ಕೆಲಸದ ಅನುಭವ ಇನ್ನೂ ಇಲ್ಲ, ಟ್ಯಾಲಿ ತರಬೇತಿ ಮುಗಿಸಿದ್ದೇನೆ" ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಲಿ. ಇಲ್ಲದ್ದನ್ನು ಮುಚ್ಚಿಟ್ಟರೂ ತೊಂದರೆ, ಅದಕ್ಕಾಗಿ ಮೂರು ಸಾಲು ಅತ್ತರೂ ತೊಂದರೆ.

ಹುಡುಗಿಗೆ ಸಂದರ್ಶನಕ್ಕೆ ಕರೆ ಬಂತು. ಪುಸ್ತಕಕ್ಕೂ ಗೋದಾಮಿಗೂ ಎಂದಾದರೂ ವ್ಯತ್ಯಾಸ ಬಂದಿತ್ತೇ ಎಂದು ಮೊದಲೇ ಕೇಳಿದರಂತೆ. ಒಮ್ಮೆ ಪುಸ್ತಕದಲ್ಲಿ ಪೊಟ್ಯಾಷ್ 6 ಚೀಲ ಹೆಚ್ಚಿದ್ದದ್ದು, ಬಂದ ಸರಕಿನ ಒಂದೇ ಬಿಲ್ಲನ್ನು ಎರಡು ಸಲ ಏರಿಸಿದ್ದೇ ಕಾರಣವೆಂದು ಕಂಡುಹಿಡಿದದ್ದು, ಏರಿಸಿದವಳು ತಾನೇ ಎಂಬುದು, ಎಲ್ಲವನ್ನೂ ಹೇಳಿದಳಂತೆ. ಆ ಕೆಲಸ ಸಿಗಲಿಲ್ಲ. ಕಾರ್ಖಾನೆಯಲ್ಲೇ ದುಡಿದು ಅನುಭವವಿದ್ದ ಇನ್ನೊಬ್ಬರಿಗೆ ಹೋಯಿತು. ನಾಲ್ಕು ಸಾಲಿಗೆ ಅಷ್ಟೇ ಶಕ್ತಿ. ಬಾಗಿಲವರೆಗೆ ಅದು ಕರೆದೊಯ್ಯುತ್ತದೆ, ಒಳಗೆ ನಮ್ಮ ಕೆಲಸವೇ ಮಾತಾಡಬೇಕು. ಈಗ ಅವಳು ಮತ್ತೊಂದು ಕಡೆ ಅರ್ಜಿ ಹಾಕುತ್ತಿದ್ದಾಳೆ. ಮೊದಲ ವಾಕ್ಯವನ್ನೂ ಕೊನೆಯದನ್ನೂ ಆ ಜಾಹೀರಾತಿಗೆ ಒಪ್ಪುವಂತೆ ಬದಲಿಸಿಕೊಂಡಿದ್ದಾಳೆ. ಈ ಸಲ ನನ್ನ ಮನೆಗೆ ಬರಬೇಕಾಗಲಿಲ್ಲ.

ಗಡಿಭಾಗದ ನಮ್ಮ ಶಾಲೆಗಳ ಸಹೋದ್ಯೋಗಿಗಳಲ್ಲಿ ನನ್ನದೊಂದು ಮಾತು. ಹತ್ತನೆಯ ತರಗತಿಯಲ್ಲಿ ರಜೆ ಚೀಟಿಯ ಜೊತೆಗೆ ಇದನ್ನೂ ಎರಡು ಪಿರಿಯಡ್ ಕಲಿಸಿ. ಒಂದು ನಿಜವಾದ ಜಾಹೀರಾತನ್ನು ಕರಿಹಲಗೆಯ ಮೇಲೆ ಬರೆದು, ಕೇಳಿದ್ದರ ಎದುರಿಗೆ ಇರುವುದನ್ನು ಬರೆಯಿಸಿ. ಮೊದಲು ಕನ್ನಡದಲ್ಲೇ ಬರೆಯಲಿ, ಆಮೇಲೆ ತಮಿಳಿಗೋ ಇಂಗ್ಲಿಷಿಗೋ ತಿರುಗಿಸಲಿ. ಯಾವ ಮಗುವಿನ ಹಾಳೆಯಲ್ಲಾದರೂ "ಕನ್ನಡ ಮಾಧ್ಯಮದಲ್ಲಿ ಓದಿದ್ದರೂ" ಎಂದು ಕಂಡರೆ ಕೆಂಪು ಶಾಯಿಯಲ್ಲಿ ಆ "ದ್ದರೂ" ಒಂದನ್ನು ಹೊಡೆದು "ದ್ದೇನೆ" ಎಂದು ತಿದ್ದಿ ಕೊಡಿ.