ಠೇವಣಿ ಯಾರ ಕೈಗೆ?
ನೆರೂಳದಲ್ಲಿ ಒಬ್ಬರೇ ಬಾಡಿಗೆಗಿದ್ದ ಅಪ್ಪ ತೀರಿಕೊಂಡಾಗ, ಊರಿಂದ ಬಂದ ಮಗ ಮಾಲೀಕರಿಗೆ ಬರೀ ಫೋನ್ ಮಾಡಿದರೆ ಸಾಲದು. ತೀರಿಕೊಂಡ ದಿನ, ಮನೆ ಬಿಡುವ ದಿನ, ಬರಬೇಕಾದ ಠೇವಣಿ, ಈ ಮೂರನ್ನೂ ಬರೆದು ಕಳಿಸಬೇಕು. ವಾಟ್ಸಾಪ್ ಆದರೂ ಸರಿ. ಅಲ್ಲಿನ ಮನೆಗಳು ಹೆಚ್ಚಾಗಿ 11 ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನವು. ಆ ಪರವಾನಗಿ ಸಹಿ ಹಾಕಿದವರಿಗೆ ಕೊಟ್ಟದ್ದು, ಸಾಮಾನ್ಯವಾಗಿ ಮಕ್ಕಳಿಗೆ ಇಳಿಯುವುದಿಲ್ಲ. ಠೇವಣಿ ಇಳಿಯುತ್ತದೆ, ಆದರೆ ವಾರಸುದಾರರೆಲ್ಲರಿಗೂ. ಮಗನಿಗೆ ಕೊಟ್ಟ ಮೇಲೆ ಮಗಳು ಬಂದು ಕೇಳಿದರೆ ಏನು ಗತಿ ಎಂದು ಮಾಲೀಕರು ತಡೆದರೆ ಅದು ಜಿಪುಣತನವಲ್ಲ, ನ್ಯಾಯವಾದ ಅಂಜಿಕೆ. ಮರಣ ಪ್ರಮಾಣಪತ್ರದ ಜೊತೆ ಅಮ್ಮ, ಅಕ್ಕ ಸಹಿ ಮಾಡಿದ ಒಪ್ಪಿಗೆ ಪತ್ರ ಇಟ್ಟರೆ ಸಾಮಾನ್ಯವಾಗಿ ಮಾತು ಮುಗಿಯುತ್ತದೆ. ಚೆಕ್ ಮಾತ್ರ ಅಪ್ಪನ ಹೆಸರಿಗೆ ಬೇಡ, ಸಾವಿನ ಸುದ್ದಿ ತಿಳಿದ ಬ್ಯಾಂಕ್ ಆ ಖಾತೆಯನ್ನು ತಡೆಹಿಡಿದಿರುತ್ತದೆ. ಲೆಕ್ಕ ಹೀಗೆ: ಠೇವಣಿ 75,000 ರೂಪಾಯಿ, ತಿಂಗಳಿಗೆ 18,000ದಂತೆ 20 ದಿನದ ಬಾಡಿಗೆ 12,000, ಕರೆಂಟ್ ಬಿಲ್ 1,400 ಕಳೆದರೆ 61,600. ಬಣ್ಣಕ್ಕೆಂದು ಮುರಿದುಕೊಳ್ಳಲು ಹೊರಟರೆ ಕರಾರಿನಲ್ಲಿ ಹಾಗಿದೆಯೇ ಎಂದು ಓದಿ ನೋಡಿ. ಮೀಟರಿನ ಅಂಕಿಯ ಫೋಟೋ ತೆಗೆದುಕೊಂಡು, ಬೀಗದಕೈ ಕೊಡುವ ಹೊತ್ತಿಗೇ ಹಣ ಪಡೆದು, ಎರಡಕ್ಕೂ ರಸೀದಿ ಬರೆಸಿಕೊಳ್ಳಿ.