ಅನ್ನ, ವಸತಿಯ ಜೊತೆಗೆ ಕಾಗದಪತ್ರದ ದಾಸೋಹ

ಹುಬ್ಬಳ್ಳಿಯ ಕೆಎಂಸಿ–ಆರ್‌ಐನಂತಹ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಬಳಿ ರೋಗಿಗಳ ಬಂಧುಗಳಿಗೆ ಅನ್ನ, ವಸತಿ ನೀಡುವುದು ದಾಸೋಹವೇ ಸರಿ. ಆದರೆ ಅವರ ವಾಸ್ತವ್ಯ ದೀರ್ಘವಾಗಲು ಕಾಗದಪತ್ರಗಳ ಕೊರತೆಯೂ ಕಾರಣವೆಂಬುದನ್ನು ನಾವು ಗಮನಿಸಬೇಕು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30 ಮಾತ್ರ. ಮದುವೆಯಾಗಿ ಬಂದ ಸೊಸೆಯ ಹೆಸರು ಗಂಡನ ಮನೆಯ ಪಡಿತರ ಚೀಟಿಗೆ ಸೇರಿರದಿದ್ದರೆ ಅಲ್ಲಿಯೇ ತೊಡಕು. ದಾಖಲೆಗಾಗಿ ಒಬ್ಬರು ಊರಿಗೆ ಮರಳಬೇಕು. ಉಳಿದವರಿಗೆ ಮತ್ತಷ್ಟು ದಿನಗಳ ಊಟ, ವಸತಿಯ ಹೊರೆ.

ಆದುದರಿಂದ ಈ ಸೇವೆ ಊರಿನ ಮಠದಿಂದಲೇ ಆರಂಭವಾಗಲಿ. ರೋಗಿಯ ಹೆಸರು ಪಡಿತರ ಚೀಟಿಯಲ್ಲಿಯೂ ಆಧಾರ್‌ನಲ್ಲಿಯೂ ಒಂದೇ ಇದೆಯೇ ಎಂದು ಓದಬಲ್ಲ ಭಕ್ತರೊಬ್ಬರು ಪರಿಶೀಲಿಸಲಿ. ಮೂಲಪ್ರತಿಗಳ ಜೊತೆ ನಕಲುಗಳನ್ನಿಟ್ಟು, ಆಸ್ಪತ್ರೆಯಲ್ಲಿ ಮೊದಲು ಆರೋಗ್ಯಮಿತ್ರರನ್ನು ಕಾಣುವಂತೆ ತಿಳಿಸಿ ಕಳುಹಿಸಲಿ.